ಮುಖದ ಜಾಗ

"ಮುಖ ಇನ್ನೂ ಬರ್ದಿಲ್ಲ ತಾನೇ?" ಒಳಗೆ ಕಾಲಿಡುತ್ತಲೇ ಅನೆಝೀನಾ ಕೇಳಿದಳು.

ಬರೆದಿರಲಿಲ್ಲ. ಹಲಗೆಯ ಮೇಲೆ ಪೀಠದಲ್ಲಿ ಕೂತ ಸಂತ ನಿಕೊಲಾವೋಸನ ಸುತ್ತ ಚಿನ್ನದ ರೇಕು ಹಚ್ಚಿಯಾಗಿತ್ತು. ಮುದಿ ಚಿತ್ರಗಾರ ಥಿಯೋಖಾರಿಸ್ ಅದನ್ನು ನಾಯಿಯ ಹಲ್ಲಿನಿಂದ ಉಜ್ಜಿ ಹೊಳಪೇರಿಸುತ್ತಿದ್ದ. ಸಂತನ ಮುಖವಿರಬೇಕಾದಲ್ಲಿ ಮಸಿಯ ಚುಕ್ಕೆಗಳು ಮಾತ್ರ ಇದ್ದವು.

"ಹಾಗಾದ್ರೆ ನನ್ನ ಸ್ಟಮಾಟಿಸ್ ಮುಖಾನೇ ಬರೀರಿ ಅಣ್ಣಾ. ಹಡಗಿನವರನ್ನ ಕಾಯೋ ಸಂತ. ಮುಳುಗಿದ ಹುಡುಗನ ಮುಖ ಇಟ್ಕೊಂಡ್ರೆ ಬೇಜಾರು ಮಾಡ್ಕೊಳ್ತಾನಾ?"

ಈ ತಿಂಗಳಲ್ಲಿ ಇದು ಮೂರನೇ ಸಲ. ಥಿಯೋಖಾರಿಸ್ ನಿಟ್ಟುಸಿರಿಟ್ಟು, ಸೂಜಿಯಿಂದ ಗೆರೆಗುಂಟ ಚುಚ್ಚಿದ ಎಣ್ಣೆಹಾಳೆಯೊಂದನ್ನು ಬೆಳಕಿಗೆ ಹಿಡಿದ. ಇದನ್ನು ಹಲಗೆಯ ಮೇಲಿಟ್ಟು, ಮಸಿಪುಡಿಯ ಗಂಟು ತಟ್ಟಿ ಚುಕ್ಕೆ ಇಳಿಸಿಯೇ ಅವನು ನಾನೂರು ನಿಕೊಲಾವೋಸರನ್ನು ಬರೆದಿದ್ದ.

"ಇದು ನಮ್ಮಜ್ಜಂದು. ಅವರು ತಮ್ಮ ಗುರುವಿನ ಹಾಳೆಯಿಂದ ಇಳಿಸಿಕೊಂಡ್ರು, ಆ ಗುರು ಇನ್ನೊಬ್ಬರದ್ದರಿಂದ. ಹಿಂದಕ್ಕೆ ಹೋಗ್ತಾ ಹೋಗ್ತಾ, ಕೊನೆಗೆ ಸಂತನನ್ನ ಕಣ್ಣಾರೆ ಕಂಡೋನು ಸಿಗ್ತಾನೆ. ನಾನು ನಡುವೆ ಕೈಯಾಡಿಸಿದ್ರೆ ದಾರಿ ಅಲ್ಲಿಗೇ ಕಡಿದುಹೋಯ್ತು. ಈ ಹಲಗೆ ಮುಂದೆ ದೀಪ ಹಚ್ಚಿದೋರ ಪ್ರಾರ್ಥನೆ ಯಾರಿಗೆ ಮುಟ್ಬೇಕು, ಹೇಳು? ನಿನ್ನ ಮಗನಿಗಾ?"

"ಬಂದರಿನಲ್ಲಿರೋ ವೆನಿಸ್ಸಿನ ಚಿತ್ರಗಾರ ಆಗಲ್ಲ ಅನ್ನಲ್ಲ. ಹಿಂದೆ ಸಮುದ್ರ, ಸಂಜೆಬಿಸಿಲು, ಎಲ್ಲಾ ಬರೀತಾನೆ. ಅವನು ಬರೆದ ಕಾಲ್ಮಣೆ ಕಾಲ್ಮಣೆ ಥರಾನೇ ಇರುತ್ತೆ. ನಿಮ್ಮ ಸಂತನ ಕಾಲ ಕೆಳಗಿಂದು ನೋಡಿ, ಹಿಂದೆ ಹೋಗ್ತಾ ಅಗಲ ಆಗಿದೆ. ಬಡಗಿ ಕಂಡ್ರೆ ಬಿದ್ದು ನಗ್ತಾನೆ."

"ನಗ್ಲಿ ಬಿಡು. ಅವನ ಗೆರೆಗಳು ಒಳಗೆ ಎಲ್ಲೋ ದೂರದಲ್ಲಿ ಸೇರ್ತವೆ. ಇವು ಈಚೆ, ನೀನು ನಿಂತಿರೋ ಕಡೆ ಸೇರ್ತವೆ. ಇಲ್ಲಿ ನೋಡೋನು ಸಂತ, ನೀನಲ್ಲ. ಇನ್ನು ಸಂಜೆಬಿಸಿಲು ಅಂದ್ಯಲ್ಲ, ಈ ಚಿನ್ನದಲ್ಲಿ ನೆರಳೇ ಬೀಳಲ್ಲ, ಸಂಜೆ ಎಲ್ಲಿಂದ ಬಂತು?"

"ನಮ್ಮನೇಲಿ ಸಂಜೆ ಆಗುತ್ತಲ್ಲ. ದಿನಾ ಆಗುತ್ತೆ." ಅವಳು ಬಣ್ಣದ ಪೆಟ್ಟಿಗೆಯ ಮೇಲೇ ಕುಸಿದು ಕೂತಳು. "ಅವನ ಮುಖ ಮರೆತುಹೋಗ್ತಾ ಇದೆ ಅಣ್ಣಾ. ಹೋಗಿ ಇನ್ನೂ ಎರಡು ವರ್ಷ. ಎಲ್ಲಾದ್ರೂ ಒಂದು ಕಡೆ ಇರ್ಲಿ ಅಂತ."

ಥಿಯೋಖಾರಿಸ್ ಎಣ್ಣೆಹಾಳೆಯನ್ನು ಬದಿಗಿಟ್ಟ. ಆಮೇಲೆ ಇದ್ದಿಲ ಚೂರು ಹುಡುಕಿದ.

"ಸಂತನ ಕಾಲ ಬಳಿ ಮೊಣಕಾಲೂರಿದ ಹಾಗೆ ಬರೀಬಹುದು. ಹೆಬ್ಬೆರಳಷ್ಟುದ್ದ. ಪಕ್ಕದಲ್ಲಿ ಹೆಸರು. ಅದಕ್ಕೆ ಅಡ್ಡಿಯಿಲ್ಲ. ಆದ್ರೆ ಅವನದ್ದು ಹಾಳೆ ಇಲ್ಲ ನನ್ನ ಹತ್ರ. ಅವನನ್ನ ಕಂಡೋಳು ನೀನು, ನೀನೇ ಹೇಳ್ಬೇಕು. ಹತ್ತೊಂಬತ್ತಲ್ವಾ ಅವನಿಗೆ? ಹಣೆ ಹೇಗಿತ್ತು?"

ಅವಳು ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ನೋಟ ಎಲ್ಲೆಲ್ಲೋ ಅಲೆದು, ಗೋಡೆಗೆ ಒಣಗಲಿಟ್ಟ ಮುದಿ ನಿಕೊಲಾವೋಸರ ಸಾಲಿನ ಮೇಲೆ ನಿಂತುಬಿಟ್ಟಿತು.

"ಅಗಲ," ಅಂದಳು ನಿಧಾನವಾಗಿ. "ಅಗಲ ಹಣೆ. ಅದರ ತುಂಬಾ ಸುಕ್ಕು."

ಹತ್ತೊಂಬತ್ತರ ಹುಡುಗನ ಹಣೆಯ ಮೇಲೆ ಥಿಯೋಖಾರಿಸ್ ಮೊದಲ ಸುಕ್ಕು ಎಳೆದ.