ಔಟ್‌ಬಾಕ್ಸ್‌ನಲ್ಲಿ ಉಳಿದ ಮೇಲ್

ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಮೂರ್ನಾಡಿನಲ್ಲಿ ಕರೆಂಟ್ ಹೋಯಿತು. ಬೆಂಗಳೂರಿನ ಕಂಪನಿಯೊಂದರ ಎಚ್‌ಆರ್ ವಿಭಾಗದ ಶೋಭಿತಾ ಆ ವಾರ ಸೋದರಮಾವನ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಮುಂದಿನ ವರ್ಷದ ಗುರಿಗಳನ್ನು ತುಂಬಬೇಕಾದ ಖಾಲಿ ಫಾರ್ಮನ್ನು ಅರವತ್ತನಾಲ್ಕು ಸಹೋದ್ಯೋಗಿಗಳಿಗೆ ಕಳಿಸಲೆಂದು ಆಗಷ್ಟೇ ಸೆಂಡ್ ಒತ್ತಿದ್ದಳು. ವೈಫೈ ನಿಂತು, ಮೇಲ್ ಲ್ಯಾಪ್‌ಟಾಪಿನ ಔಟ್‌ಬಾಕ್ಸ್‌ನಲ್ಲೇ ಉಳಿಯಿತು.

"ಮಾವಾ, ಜನರೇಟರ್ ಹಾಕಿ! ಹತ್ತೂವರೆ ಮೀಟಿಂಗಿನೊಳಗೆ ಇದು ಹೋಗ್ಬೇಕು."

"ಸಂಬಳ ನಿಂಗೆ, ಪೆಟ್ರೋಲ್ ನಂದು," ಎಂದು ಗೊಣಗುತ್ತ ಬೆಳ್ಳಿಯಪ್ಪ ಶೆಡ್ಡಿನ ಕಡೆ ನಡೆದರು.

ಕಾಯುತ್ತ ಕುಳಿತವಳು ಮೇಲ್‌ಗೆ ಸೇರಿಸಿದ್ದ ಫೈಲನ್ನು ಸುಮ್ಮನೆ ತೆರೆದಳು. ಅದು ಖಾಲಿ ಫಾರ್ಮ್ ಆಗಿರಲಿಲ್ಲ. ಮ್ಯಾನೇಜರುಗಳು ಗುಟ್ಟಾಗಿ ಕೊಟ್ಟಿದ್ದ ರೇಟಿಂಗ್ ಪಟ್ಟಿ: ಯಾರಿಗೆ ಬಡ್ತಿ, ಮುಂದಿನ ತಿಂಗಳು ಯಾರನ್ನು ಕೆಲಸದಿಂದ ತೆಗೆಯಬೇಕು, ಎಲ್ಲವೂ ಹೆಸರು ಸಮೇತ. ಇದು ಹೊರಗೆ ಹೋದರೆ ಮೊದಲು ಹೋಗುವುದು ಅವಳದೇ ಕೆಲಸ.

"ಬೇಡ ಮಾವಾ, ಬೇಡ!" ಎಂದು ಕಿರುಚಿದಳು. ಅಷ್ಟರಲ್ಲಿ ಜನರೇಟರ್ ಗುಡುಗಿತು. ರೂಟರಿನ ದೀಪ ಮಿನುಗತೊಡಗಿತು. ಅದು ಸ್ಥಿರವಾಗುವ ಮೊದಲೇ ಓಡಿಹೋಗಿ ಪ್ಲಗ್ ಕಿತ್ತಳು. ವೈರು ಕೈಯಲ್ಲಿ ಹಿಡಿದುಕೊಂಡೇ ಔಟ್‌ಬಾಕ್ಸ್ ತೆರೆದಳು. ಮೇಲ್ ಇನ್ನೂ ಅಲ್ಲೇ ಇತ್ತು. ತಕ್ಷಣ ಅಳಿಸಿದಳು.

"ಎಂಥ ಮಾರಾಯ್ತಿ, ಕರೆಂಟ್ ಕೊಟ್ರೆ ವೈರ್ ಕೀಳ್ತೀಯಲ್ಲ!" ಬಾಗಿಲಲ್ಲಿ ನಿಂತಿದ್ದ ಬೆಳ್ಳಿಯಪ್ಪ ಬೆರಗಾದರು. ಶೋಭಿತಾಗೆ ನಗು ತಡೆಯಲಾಗಲಿಲ್ಲ.

ಸರಿಯಾದ ಫೈಲನ್ನು ಸೇರಿಸಿ, ಎರಡು ಸಲ ತೆರೆದು ನೋಡಿ, ರೂಟರಿನ ಪ್ಲಗ್ ಮತ್ತೆ ಹಾಕಿ, ಹತ್ತು ಇಪ್ಪತ್ತೆಂಟಕ್ಕೆ ಅವಳು ಖಾಲಿ ಫಾರ್ಮ್ ಕಳಿಸಿದಳು.