ಜಿಜಿಯಾ ಮಾಫಿ

ಔರಂಗಜೇಬನ ಕಾಲ. ಮುಸ್ಲಿಮರಲ್ಲದ ಗಂಡಸರು ಜಿಜಿಯಾ ತೆರಿಗೆಯನ್ನು ಖುದ್ದಾಗಿ ಬಂದು, ನಿಂತುಕೊಂಡೇ ಕಟ್ಟಬೇಕಿತ್ತು. ವಸೂಲಿಯ ಅಮೀನ ಮಾತ್ರ ಆರಾಮಾಗಿ ಕೂತಿರುತ್ತಿದ್ದ.

ಸಾಲಿನಲ್ಲಿ ಮುಂದಿದ್ದ ಬಡ ಕುರುಡನಿಗೆ, "ನಿನಗೆ ಮಾಫಿ, ಹೋಗು" ಎಂದ ಅಮೀನ.

ನಿಂತು ನಿಂತು ಹರಿವಂಶ ಪಂಡಿತರಿಗೆ ಮೈ ಉರಿದುಹೋಗಿತ್ತು. "ಹುಜೂರ್, ಅಕ್ಬರ್ ಬಾದಶಹರು ಈ ತೆರಿಗೆಯನ್ನೇ ತೆಗೆದುಹಾಕಿದ್ರು!"

"ಆಮೇಲೆ?"

"ಇಬಾದತ್‌ಖಾನೆ ಕಟ್ಟಿಸಿ ಮೌಲ್ವಿ, ಬ್ರಾಹ್ಮಣ, ಜೈನ, ಪಾದ್ರಿ ಎಲ್ಲರನ್ನೂ ಕೂರಿಸಿ ವಾದ ಮಾಡಿಸಿದ್ರು. ನಮ್ಮ ಮುತ್ತಜ್ಜ ಅಲ್ಲಿ ಮೌಲ್ವಿಗಳ ಮಾತನ್ನೇ ಖಂಡಿಸಿದ್ರು!"

"ಬಾದಶಹರು ತಲೆ ತೆಗೆಸಲಿಲ್ವೆ?"

"ಇಲ್ಲ, ತಲೆದೂಗಿದ್ರು!"

ಅಮೀನ ಪಂಡಿತರನ್ನು ಬಹಳ ಹೊತ್ತು ಕನಿಕರದಿಂದ ನೋಡಿ, ಗುಮಾಸ್ತನ ಕಡೆ ತಿರುಗಿದ.

"ಇವರನ್ನೂ ಬಿಟ್ಟುಬಿಡಪ್ಪ. ಹುಚ್ಚರಿಗೂ ಜಿಜಿಯಾ ಇಲ್ಲ."