ಸ್ಲ್ಯಾಬಿನ ಹೊದಿಕೆ

"ಸಾರ್, ಸ್ಲ್ಯಾಬ್ ಇನ್ನೂ ಹಸಿ. ಈಗ ಮಳೆ ಹೊಡೆದ್ರೆ ಮೇಲಿನ ಸಿಮೆಂಟ್ ತೊಳೆದುಹೋಗಿ ಬರೀ ಮರಳು, ಜಲ್ಲಿ ಉಳಿಯುತ್ತೆ. ಟಾರ್ಪಾಲ್ ಬೇಕು." ಹೊಸ ಇಂಜಿನಿಯರ್ ಹುಡುಗಿ ಕಂಟ್ರಾಕ್ಟರನಿಗೆ ಮಾಡಿದ ಮೂರನೇ ಫೋನ್ ಅದು. ಮೋಡ ಆಗಲೇ ತಲೆಯ ಮೇಲಿತ್ತು.

"ಬೆಳಿಗ್ಗೆ ಒಣ ಸಿಮೆಂಟ್ ಉದುರಿಸಿ ಉಜ್ಜಿದ್ರಾಯ್ತು ಬಿಡಮ್ಮಾ."

"ಅದು ಮುಖಕ್ಕೆ ಪೌಡರ್ ಬಳಿದ ಹಾಗೆ ಸಾರ್. ನಾಳೆ ಸಿಪ್ಪೆ ಏಳುತ್ತೆ. ನಾನು ಸಹಿ ಹಾಕಲ್ಲ."

"ಆಯ್ತು ತಾಯಿ, ಕಳಿಸ್ತೀನಿ. ತಲೆ ತಿನ್ಬೇಡ."

ಟಾರ್ಪಾಲುಗಳು ಬಂದವು. ಹಳೆಯವು, ಹೊಗೆ ಹಿಡಿದವು. ಹಸಿ ಕಾಂಕ್ರೀಟಿಗೆ ತಾಗದಂತೆ ಅಂಚಿನ ಹಲಗೆಗಳಿಗೆ ಅಡ್ಡಲಾಗಿ ಬಿದಿರಿನ ಬೊಂಬುಗಳನ್ನು ಕಟ್ಟಿ, ಅವುಗಳ ಮೇಲೆ ಇಳಿಜಾರಾಗಿ ಬಿಗಿಸಿದ್ದಾಯಿತು. ಮಳೆ ಶುರುವಾಯಿತು, ಸುಮ್ಮನೆ ಅಲ್ಲ, ಆಕಾಶವೇ ಕಳಚಿ ಬಿದ್ದಂತೆ. ಹೊದಿಕೆಯ ಮೇಲಿನ ನೀರೆಲ್ಲ ಅಂಚಿನಿಂದ ನೆಲಕ್ಕೆ ಧುಮುಕುತ್ತಿತ್ತು. ಆಗ ಅವಳಿಗೆ ಹೊಸ ಭಯ ಹುಟ್ಟಿತು. ಸ್ಲ್ಯಾಬ್ ಗಟ್ಟಿಯಾಗುವವರೆಗೆ ಅದರ ಭಾರವನ್ನೆಲ್ಲ ಹೊರುವ ಕಬ್ಬಿಣದ ಕಂಬಗಳು ನಿಂತಿರುವುದು ಅದೇ ಮಣ್ಣಿನ ಮೇಲೆ.

ಟಾರ್ಚ್ ಹಿಡಿದು ಕೆಳಗಿಳಿದಳು. ಒಂದು ಕಂಬ ಹಿಡಿದು ತಿರುಗಿಸಿದರೆ ಸಲೀಸಾಗಿ ತಿರುಗಿತು. ಅಂದರೆ ಬುಡ ಕುಸಿದಿದೆ, ಅದರ ಪಾಲಿನ ಭಾರ ಅಕ್ಕಪಕ್ಕದ ಕಂಬಗಳ ಮೇಲೆ ಬಿದ್ದಿದೆ. ಟಾರ್ಚನ್ನು ಆಚೆ ತಿರುಗಿಸಿದಳು. ಕಂಬಗಳ ನಡುವೆ, ಹಸಿ ಸ್ಲ್ಯಾಬಿನ ನೇರ ಕೆಳಗೆ, ಕೂಲಿಯವರು ಸಾಲಾಗಿ ಮಲಗಿದ್ದರು.

"ಇಲ್ಯಾಕೆ ಮಲಗಿದ್ದೀರಾ? ಇದು ಕುಸಿದ್ರೆ ಏನು ಗತಿ?"

ಜಲ್ಲಿ ಹೊರುವ ಹೆಂಗಸು ಎದ್ದು ಕೂತಳು. "ಇನ್ನೆಲ್ಲಿ ಮಲಗೋದು ಮೇಡಂ? ನಮ್ಮ ಶೆಡ್ಡಿನ ಟಾರ್ಪಾಲ್ ಬಿಚ್ಕೊಂಡು ಹೋದ್ರಲ್ಲ. ನೀವು ಕೇಳಿದ್ರಿ ಅಂದ್ರು."

ಇಂಜಿನಿಯರ್ ಹುಡುಗಿಗೆ ಕಂಟ್ರಾಕ್ಟರನ ಮೇಲೆ ಸಿಟ್ಟು ಉಕ್ಕಿತು. ಊರಿಗೆಲ್ಲ ಮನೆ ಕಟ್ಟಿಸುವ ಆ ದೊಡ್ಡ ಮನುಷ್ಯನಿಗೆ ಕೈಗೆ ಸಿಕ್ಕಿದ್ದು ಇವರ ತಲೆ ಮೇಲಿನ ಸೂರೇ? ಎಲ್ಲರನ್ನೂ ಎಬ್ಬಿಸಿ ಸೈಟ್ ಆಫೀಸಿಗೆ ಕಳಿಸಿದಳು. ಗಂಡಸರಲ್ಲಿ ನಾಲ್ವರು ತಾವಾಗಿಯೇ ಅವಳ ಜೊತೆ ನಿಂತರು. ನೀರು ಆಚೆ ಹರಿಯುವಂತೆ ಕಾಲುವೆ ತೋಡಿದರು, ಸಡಿಲಾದ ಕಂಬಗಳ ಬುಡಕ್ಕೆ ದಪ್ಪ ಹಲಗೆ ಕೊಟ್ಟರು. ಕಂಬವನ್ನು ಎತ್ತರಿಸುವ ತುದಿಯ ತಿರುಪನ್ನು ಮಾತ್ರ ಅವಳೇ ಬಿಗಿದಳು, ಮೇಲಿನ ಹಲಗೆಗೆ ತಾಗಿ ಗಟ್ಟಿಯಾಗುವಷ್ಟೇ. ಹೆಚ್ಚು ಎತ್ತಿದರೆ ಸ್ಲ್ಯಾಬೇ ಬಿರುಕು ಬಿಡುತ್ತದೆ.

ಬೆಳಗಿನ ಜಾವ ಮೇಲೆ ಹೋಗಿ ಕಾಂಕ್ರೀಟಿಗೆ ಹೆಬ್ಬೆರಳು ಒತ್ತಿದಳು. ಗುರುತು ಬೀಳಲಿಲ್ಲ. ಉಗುರಿನಿಂದ ಗೀರಿದಳು, ಗೀರು ಮೂಡಲಿಲ್ಲ. ಕೂಡಲೇ ಟಾರ್ಪಾಲುಗಳನ್ನೆಲ್ಲ ಬಿಚ್ಚಿಸಿ ಶೆಡ್ಡುಗಳಿಗೆ ಕಟ್ಟಿಸಿದಳು.

ಮಳೆ ನಿಂತಿರಲಿಲ್ಲ. ಕಂಟ್ರಾಕ್ಟರ್ ಕೊಡೆ ಹಿಡಿದು ಕಾರಿನಿಂದ ಇಳಿದ.

"ಸ್ಲ್ಯಾಬ್ ಪೂರ್ತಿ ನೆನೀತಾ ಇದೆ, ನೋಡ್ಕೊಂಡು ನಿಂತಿದ್ದೀಯಲ್ಲಮ್ಮಾ. ಟಾರ್ಪಾಲ್ ಬಿಚ್ಚಿದ್ಯಾರು?"

"ನಾನೇ ಸಾರ್. ಗಟ್ಟಿಯಾದ ಮೇಲೆ ಕಾಂಕ್ರೀಟಿಗೆ ನೀರು ಒಳ್ಳೇದು, ನೆನೆದಷ್ಟೂ ಗಟ್ಟಿಯಾಗುತ್ತೆ." ಅವಳು ಶೆಡ್ಡುಗಳ ಕಡೆ ಕೈ ತೋರಿಸಿದಳು. "ಅವರು ಕಾಂಕ್ರೀಟಲ್ಲ."